ಕನ್ನಡದ ಸಾರಾಂಶ, ಇಂಗ್ಲಿಷಿನ ಸಾರಾಂಶ: ಎರಡೂ ಒಂದೇ ಮಾತು ಹೇಳಲಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಂದ ಕಲೀನಾದ ವಿದ್ಯಾನಗರಿಗೆ ಓಡಾಡುತ್ತ ಪಿಎಚ್.ಡಿ. ಮಾಡುತ್ತಿರುವ ಮಕ್ಕಳೇ, ನಿಮ್ಮಲ್ಲಿ ಮಹಾಪ್ರಬಂಧದ ಕೊನೆಯ ಹಂತ ತಲುಪಿದವರಿಗೆ ಒಂದು ಮಾತು ಹೇಳಬೇಕಾಗಿದೆ. ಅಧ್ಯಾಯಗಳಿಗೆ ವರ್ಷಗಟ್ಟಲೆ ದುಡಿದವರು ಸಾರಾಂಶವನ್ನು ಮಾತ್ರ ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ ಬರೆಯುವುದನ್ನು ನಾನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಕನ್ನಡದ್ದನ್ನು ತಾವು ಬರೆಯುತ್ತಾರೆ. ಇಂಗ್ಲಿಷಿನದನ್ನು ಕಾನ್ವೆಂಟಿನಲ್ಲಿ ಓದಿದ ತಂಗಿಯೋ ಆಫೀಸಿನ ಗೆಳೆಯನೋ ಬರೆದುಕೊಡುತ್ತಾರೆ. ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವರು ಯಾರೂ ಇರುವುದಿಲ್ಲ. ಹಾಗೆ ಓದಿದರೆ ಅವು ಎರಡು ಬೇರೆ ಅಧ್ಯಯನಗಳ ಸಾರಾಂಶದಂತೆ ಕಾಣುವುದುಂಟು.

ಮಹಾಪ್ರಬಂಧ ಕಪಾಟಿನಲ್ಲೇ ಕುಳಿತಿರುತ್ತಿದ್ದ ಕಾಲದಲ್ಲಿ ಇದು ಅಷ್ಟಾಗಿ ಬಯಲಿಗೆ ಬರುತ್ತಿರಲಿಲ್ಲ. ಯುಜಿಸಿಯ 2009ರ ನಿಯಮಾವಳಿಯ ನಂತರ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರಕ್ಕೆ ಸೇರುತ್ತಿದೆ. ಕನ್ನಡ ಬಾರದ ಸಮಾಜಶಾಸ್ತ್ರಜ್ಞ ನಿಮ್ಮ ಇಂಗ್ಲಿಷ್ ಸಾರಾಂಶವೊಂದನ್ನೇ ಓದಿ ನಿಮ್ಮನ್ನು ಉಲ್ಲೇಖಿಸುತ್ತಾನೆ. ಧಾರವಾಡದಲ್ಲಿ ಕುಳಿತ ಕನ್ನಡದ ವಿದ್ಯಾರ್ಥಿ ಕನ್ನಡದ್ದನ್ನೇ ಓದುತ್ತಾನೆ. ಇಬ್ಬರಿಗೂ ನೀವು ಹೇಳಿದ್ದು ಒಂದೇ ಆಗಿರಬೇಕು.

ಮಾತನ್ನು ಗಾಳಿಯಲ್ಲಿ ಬಿಡುವುದು ಬೇಡ. ನಮ್ಮ ಈ ಭಾಗಕ್ಕೇ ಸೇರಿದ ಒಂದು ಮಾದರಿಯನ್ನು ಕಟ್ಟಿಕೊಳ್ಳೋಣ. ಇದರ ಅಂಕಿಗಳನ್ನು ವಿವರಣೆಗಾಗಿ ನಾನೇ ಹಾಕಿದ್ದೇನೆ, ಅವು ಯಾವ ನಿಜವಾದ ಪ್ರಬಂಧದವೂ ಅಲ್ಲ. ವಿಷಯ, ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಕನ್ನಡದ ಬಳಕೆ. ಕನ್ನಡದ ಕರಡು ಹೀಗಿದೆ ಎಂದುಕೊಳ್ಳಿ: “ಹೊಟ್ಟೆಪಾಡಿಗಾಗಿ ತಾಯ್ನಾಡನ್ನು ತೊರೆದು ಮಹಾನಗರಿಯ ಮಡಿಲು ಸೇರಿದ ಕನ್ನಡಿಗರು ತಮ್ಮ ಭಾಷೆಯನ್ನು ಎದೆಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಠಾಣೆ ಪರಿಸರದ ಕನ್ನಡಿಗರ ಮಕ್ಕಳು ಕನ್ನಡವನ್ನು ಓದಲು ಹಿಂದೇಟು ಹಾಕುತ್ತಾರೆ ಎಂಬುದು ಈ ಸಂಶೋಧನೆಯಿಂದ ಸಾಬೀತಾಗಿದೆ.” ಇಂಗ್ಲಿಷ್ ಕರಡಿನಲ್ಲಿರುವ ಮಾತು ಇಷ್ಟು: ಠಾಣೆ ಜಿಲ್ಲೆಯ ಕನ್ನಡಭಾಷಿಕ ವಲಸಿಗರ ಬಗ್ಗೆ ಅಧ್ಯಯನ ನಡೆಸಲು ಪ್ರಯತ್ನಿಸಲಾಗಿದೆ, ಬಹುತೇಕ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ತೋರುತ್ತದೆ.

ಮೇಲುನೋಟಕ್ಕೆ ಎರಡೂ ಒಂದೇ. ನಿಧಾನವಾಗಿ ನೋಡಿ.

ಮೊದಲು, ಯಾರನ್ನು ಕುರಿತ ಅಧ್ಯಯನ ಎಂಬುದು. ಕನ್ನಡದಲ್ಲಿ ‘ಕನ್ನಡಿಗರು’ ಎಂದಿದೆ, ಇಂಗ್ಲಿಷಿನಲ್ಲಿ ‘ಕನ್ನಡ ಸ್ಪೀಕಿಂಗ್’ ಎಂದಿದೆ. ಡೊಂಬಿವಲಿಯಲ್ಲಿ ಹತ್ತು ಮನೆಯ ಬಾಗಿಲು ತಟ್ಟಿದವರಿಗೆ ಈ ಎರಡರ ನಡುವಿನ ಅಂತರ ಗೊತ್ತು. ಕರಾವಳಿಯಿಂದ ಬಂದ ಎಷ್ಟೋ ಕುಟುಂಬಗಳ ಮನೆಮಾತು ತುಳು, ಇನ್ನೆಷ್ಟೋ ಮನೆಗಳದು ಕೊಂಕಣಿ. ಅವರು ಕರ್ನಾಟಕ ಸಂಘದ ಸದಸ್ಯರು, ಯಕ್ಷಗಾನಕ್ಕೆ ಬರುವವರು, ಕನ್ನಡ ಪತ್ರಿಕೆ ತರಿಸುವವರು. ಕೇಳಿದರೆ ಕನ್ನಡಿಗರೆಂದೇ ಹೇಳಿಕೊಳ್ಳುತ್ತಾರೆ. ಕನ್ನಡದ ಸಾರಾಂಶ ಅವರನ್ನು ಒಳಗೆ ಸೇರಿಸುತ್ತದೆ, ಇಂಗ್ಲಿಷಿನದು ಹೊರಗಿಡುತ್ತದೆ. ಅಂದರೆ ಅಧ್ಯಯನಕ್ಕೆ ಒಳಪಟ್ಟವರೇ ಬದಲಾಗಿಬಿಟ್ಟರು. ನಿಮ್ಮ ಪಟ್ಟಿಯಲ್ಲಿ ತುಳು, ಕೊಂಕಣಿ ಮನೆಗಳಿದ್ದರೆ ಇಂಗ್ಲಿಷಿನಲ್ಲಿ ‘ಕನ್ನಡಿಗ’ ಎಂಬ ಪದವನ್ನೇ ಇಟ್ಟುಕೊಂಡು, ಮನೆಯಲ್ಲಿ ಯಾವ ಭಾಷೆ ಆಡಿದರೂ ತಮ್ಮನ್ನು ಕನ್ನಡಿಗರೆಂದು ಗುರುತಿಸಿಕೊಳ್ಳುವ ಕುಟುಂಬಗಳು ಎಂದು ಒಂದು ಸಲ ಬಿಡಿಸಿ ಹೇಳಬೇಕು. ಕನ್ನಡದಲ್ಲೂ ಅದನ್ನೇ ಹೇಳಬೇಕು. ಕನ್ನಡದ ಓದುಗನಿಗೆ ಗೊತ್ತಿರುತ್ತದೆಂದು ಬಿಟ್ಟರೆ ಒಂದು ಸಾರಾಂಶದಲ್ಲಿ ವ್ಯಾಖ್ಯೆ ಇದ್ದು ಇನ್ನೊಂದರಲ್ಲಿ ಇಲ್ಲದಂತಾಗುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ತೊಡಕು ಇದೆ. ‘ಮನೆಮಾತು’ ಎಂದು ಕನ್ನಡದಲ್ಲಿ ಬರೆದು ಇಂಗ್ಲಿಷಿನಲ್ಲಿ ‘ಮದರ್ ಟಂಗ್’ ಎಂದು ಹಾಕುವವರು ಬಹಳ. ಭಾರತದ ಜನಗಣತಿಯಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಭಾಷೆ. ನೀವು ಕೇಳಿದ್ದು ಈಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದಾಗಿದ್ದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಲ್ಯಾಣದ ಒಂದು ಮನೆಯಲ್ಲಿ ತಾಯಿಯ ಮಾತೃಭಾಷೆ ತುಳು ಆಗಿದ್ದು, ಮಕ್ಕಳ ಜತೆ ಅವಳು ಹಿಂದಿ ಇಲ್ಲವೇ ಮರಾಠಿಯಲ್ಲಿ ಮಾತಾಡುತ್ತಿರಬಹುದು. ಪ್ರಶ್ನಾವಳಿಯನ್ನು ಮತ್ತೆ ತೆರೆದು, ಪ್ರಶ್ನೆ ಯಾವ ಪದಗಳಲ್ಲಿತ್ತು ಎಂದು ನೋಡಿ, ಎರಡೂ ಭಾಷೆಯಲ್ಲಿ ಆ ಪ್ರಶ್ನೆಗೆ ಹೊಂದುವ ಪದವನ್ನೇ ಬಳಸಿ.

‘ವಲಸಿಗರು’ ಎಂಬುದೂ ಹಾಗೆಯೇ. ನಿಮ್ಮ ಕನ್ನಡದ ಕರಡು ಊರು ಬಿಟ್ಟು ಬಂದವರ ಮಾತಾಡುತ್ತದೆ, ಇಂಗ್ಲಿಷಿನದು ‘ಮೈಗ್ರಂಟ್ಸ್’ ಎನ್ನುತ್ತದೆ. ನೀವು ಪರೀಕ್ಷಿಸಿದ ಮಕ್ಕಳಾದರೋ ಇಲ್ಲೇ ಹುಟ್ಟಿದವರು. ಕೆಲವರ ಅಪ್ಪ ಅಮ್ಮಂದಿರೂ ಇಲ್ಲೇ ಹುಟ್ಟಿದವರು. ಅವರು ವಲಸಿಗರಲ್ಲ. ‘ನೆಲೆಸಿರುವ’ ಎಂದರೆ ಸಾಕು, ಇಂಗ್ಲಿಷಿನಲ್ಲಿ ‘ರೆಸಿಡೆಂಟ್’ ಎಂದರೆ ಸಾಕು. ‘ಡಯಾಸ್ಪೊರಾ’ ಎಂಬ ದೊಡ್ಡ ಪದ ತರಬೇಕೆಂದರೆ ಅದನ್ನು ಪ್ರಬಂಧದ ಒಳಗೆ ನೀವು ವಿವರಿಸಿರಬೇಕು, ಕನ್ನಡದಲ್ಲಿ ಅದಕ್ಕೆ ಸಮನಾಗಿ ಯಾವ ಪದ ಬಳಸಿದ್ದೀರೋ ಅದೇ ಸಾರಾಂಶದಲ್ಲೂ ಬರಬೇಕು.

ಈಗ ಊರಿನ ಮಾತು. ‘ಠಾಣೆ ಪರಿಸರ’ ಎಂದರೆ ನಮಗೆ ನಮಗೆ ಅರ್ಥವಾಗುತ್ತದೆ. ಹೊರಗಿನವರಿಗೆ ಠಾಣೆ ಎಂದರೆ ನಗರವೋ, ತಾಲೂಕೋ, ಜಿಲ್ಲೆಯೋ? ಇಂಗ್ಲಿಷ್ ಬರೆದುಕೊಟ್ಟವರು ಜಿಲ್ಲೆ ಎಂದು ತಾವೇ ತೀರ್ಮಾನಿಸಿಬಿಟ್ಟಿದ್ದಾರೆ. ಠಾಣೆ ಜಿಲ್ಲೆಯಿಂದ 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆಯಾಯಿತು. ಅದಕ್ಕಿಂತ ಹಿಂದಿನ ಅಂಕಿಅಂಶ ಬಳಸಿದವರು ಯಾವ ಠಾಣೆ ಎಂದು ಹೇಳಲೇಬೇಕು. ನವಿಮುಂಬಯಿಯದು ಇನ್ನೂ ಸೂಕ್ಷ್ಮ. ವಾಶಿ, ನೆರೂಲ್ ನವಿಮುಂಬಯಿ ಮಹಾನಗರಪಾಲಿಕೆಯಲ್ಲಿವೆ, ಠಾಣೆ ಜಿಲ್ಲೆಗೆ ಸೇರುತ್ತವೆ. ಖಾರ್‌ಘರ್, ಕಾಮೋಠೆಗಳನ್ನೂ ಜನ ನವಿಮುಂಬಯಿ ಎಂದೇ ಕರೆಯುತ್ತಾರೆ, ಸಿಡ್ಕೋ ಕಟ್ಟಿದ ಊರುಗಳೂ ಹೌದು. ಆದರೆ ಅವು ಪನ್ವೇಲ್ ಮಹಾನಗರಪಾಲಿಕೆಯವು, ರಾಯಗಡ ಜಿಲ್ಲೆಯವು. ನೀವು ಖಾರ್‌ಘರ್‌ನ ಐದು ಮನೆಗಳಿಗೆ ಹೋಗಿದ್ದರೆ ‘ಠಾಣೆ ಜಿಲ್ಲೆ’ ಎಂಬ ಮಾತು ಸುಳ್ಳಾಗುತ್ತದೆ. ಎರಡೂ ಸಾರಾಂಶದಲ್ಲಿ ಮಹಾನಗರಪಾಲಿಕೆಗಳ ಹೆಸರನ್ನೇ ಹೇಳಿ. ಕ್ಷೇತ್ರಕಾರ್ಯ ನಡೆಸಿದ ಮನೆಗಳ ಪಿನ್‌ಕೋಡ್ ನಿಮ್ಮ ಟಿಪ್ಪಣಿಯಲ್ಲಿದ್ದರೆ ಈ ಪರಿಶೀಲನೆ ಒಂದು ಗಂಟೆಯ ಕೆಲಸ.

ಮೂರನೆಯದು ನಿಜಕ್ಕೂ ಪೆಟ್ಟು ಕೊಡುವಂಥದ್ದು. ‘ಓದಲು ಹಿಂದೇಟು ಹಾಕುತ್ತಾರೆ’ ಎಂದರೆ ಓದಲು ಬರುತ್ತದೆ, ಮನಸ್ಸಿಲ್ಲ ಎಂದು. ‘ಓದಲು ಬರುವುದಿಲ್ಲ’ ಎಂದರೆ ಶಕ್ತಿಯೇ ಇಲ್ಲ ಎಂದು. ಒಂದು ಮನೋಭಾವದ ಮಾತು, ಇನ್ನೊಂದು ಕಲಿಕೆಯ ಮಾತು. ಇವುಗಳ ಪರಿಹಾರವೂ ಬೇರೆ, ಕಾರಣವೂ ಬೇರೆ. ಜತೆಗೆ ಕನ್ನಡದಲ್ಲಿ ‘ಮಕ್ಕಳು’ ಎಂದು ಎಲ್ಲರನ್ನೂ ಸೇರಿಸಿದೆ, ಇಂಗ್ಲಿಷಿನಲ್ಲಿ ‘ಬಹುತೇಕ’ ಎಂಬುದು ಎಲ್ಲಿಂದಲೋ ಬಂದು ಕುಳಿತಿದೆ. ಕನ್ನಡದ್ದು ‘ಸಾಬೀತಾಗಿದೆ’ ಎಂದು ಎದೆ ತಟ್ಟಿ ಹೇಳುತ್ತದೆ, ಇಂಗ್ಲಿಷಿನದು ‘ತೋರುತ್ತದೆ’ ಎಂದು ಹಿಂಜರಿಯುತ್ತದೆ. ನಮ್ಮವರ ಬರವಣಿಗೆಯಲ್ಲಿ ಈ ಜೋಡಿ ನನಗೆ ಮತ್ತೆ ಮತ್ತೆ ಸಿಕ್ಕಿದೆ: ಕನ್ನಡದಲ್ಲಿ ಬರೆಯುವಾಗ ವೇದಿಕೆಯ ಧೈರ್ಯ, ಇಂಗ್ಲಿಷಿನಲ್ಲಿ ಬರೆಯುವಾಗ ‘ಒಂದು ಪ್ರಯತ್ನ ಮಾಡಲಾಗಿದೆ’ ಎಂಬ ಸಂಕೋಚ. ನಿಮ್ಮ ಆಧಾರ ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿಯಾಗಿ ಎರಡೂ ಕಡೆ ಹೇಳಬೇಕು. ನಾನು ಮಕ್ಕಳಿಗೆ ಒಂದು ಮೆಟ್ಟಿಲುಸಾಲು ಬರೆದಿಟ್ಟುಕೊಳ್ಳಲು ಹೇಳುತ್ತೇನೆ. ‘ಇರಬಹುದು’ ಎಂಬುದರ ಎದುರು ‘ಮೇ’, ‘ಸೂಚಿಸುತ್ತದೆ’ ಎಂಬುದರ ಎದುರು ‘ಸಜೆಸ್ಟ್ಸ್’, ‘ತೋರಿಸುತ್ತದೆ’ ಎಂಬುದರ ಎದುರು ‘ಶೋಸ್’. ‘ಸಾಬೀತು’ ಮತ್ತು ‘ಪ್ರೂವ್’ ಎರಡನ್ನೂ ಮಾನವಿಕ ವಿಷಯಗಳ ಪ್ರಬಂಧದಲ್ಲಿ ಮುಟ್ಟದಿರುವುದು ಕ್ಷೇಮ.

ಉಳಿದದ್ದು ಕನ್ನಡದ ಮೊದಲ ವಾಕ್ಯ. ಅದಕ್ಕೆ ಇಂಗ್ಲಿಷಿನಲ್ಲಿ ಜೋಡಿಯೇ ಇಲ್ಲ. ಅನುವಾದಿಸಿದರೆ ಹಾಸ್ಯಾಸ್ಪದವಾಗುತ್ತದೆಂದು ಬರೆದುಕೊಟ್ಟವರಿಗೆ ಅನ್ನಿಸಿರಬೇಕು, ಬಿಟ್ಟುಬಿಟ್ಟಿದ್ದಾರೆ. ಅವರ ಅನಿಸಿಕೆ ಸರಿ. ‘ಮಹಾನಗರಿಯ ಮಡಿಲು’, ‘ಎದೆಯಲ್ಲಿಟ್ಟು’ ಎಂಬವು ರಾಜ್ಯೋತ್ಸವದ ಭಾಷಣದಲ್ಲಿ ಚೆನ್ನ, ಸಾರಾಂಶದಲ್ಲಿ ಅವುಗಳಿಗೆ ಪುಟಸಂಖ್ಯೆ ತೋರಿಸಲಾಗುವುದಿಲ್ಲ. ಅಷ್ಟಲ್ಲದೆ ಕನ್ನಡಿಗರು ಭಾಷೆಯನ್ನು ಕಾಪಾಡಿಕೊಂಡಿದ್ದಾರೆ ಎಂಬ ಮಾತನ್ನು ಮುಂದಿನ ವಾಕ್ಯವೇ ಅಲ್ಲಗಳೆಯುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟದ ವಾಕ್ಯ ಕಂಡರೆ ಅನುವಾದದ ಕಷ್ಟವೆಂದು ತಿಳಿಯುವ ಮೊದಲು ಅದರೊಳಗೆ ಹೇಳಿಕೆ ಇದೆಯೇ ಎಂದು ನೋಡಿ. ಬಹಳ ಸಲ ಇರುವುದಿಲ್ಲ.

ಹಾಗಾದರೆ ಹೊಸದಾಗಿ ಬರೆಯುವುದು ಹೇಗೆ? ಎರಡು ಕರಡುಗಳನ್ನೂ ಬದಿಗಿಡಿ. ಯಾವುದನ್ನೂ ಯಾವುದಕ್ಕೂ ಅನುವಾದಿಸಬೇಡಿ. ಒಂದು ಹಾಳೆಯಲ್ಲಿ ನಿಮ್ಮ ಹೇಳಿಕೆಗಳನ್ನು ಬರಿಯ ಹೇಳಿಕೆಗಳಾಗಿ ಬರೆದುಕೊಳ್ಳಿ, ಒಂದು ಸಾಲಿಗೆ ಒಂದು. ಯಾರು, ಎಲ್ಲಿ, ಎಷ್ಟು ಮಂದಿ, ಏನು ಮಾಡಿದೆ, ಏನು ಕಂಡಿತು, ಅದರಿಂದ ಏನು ಊಹಿಸುತ್ತೇನೆ, ಎಲ್ಲಿಗೆ ನಿಲ್ಲುತ್ತೇನೆ. ಪ್ರತಿ ಸಾಲಿನ ಎದುರು ಅದು ಪ್ರಬಂಧದ ಯಾವ ಪುಟದಲ್ಲಿದೆ ಎಂದು ಹಾಕಿ. ಪುಟ ಸಿಗದ ಸಾಲನ್ನು ಹೊಡೆದುಹಾಕಿ. ಎಂಟು ಹತ್ತು ಸಾಲು ಉಳಿಯುತ್ತದೆ. ಈ ಹಾಳೆಯೇ ಮೂಲ, ಎರಡು ಸಾರಾಂಶಗಳೂ ಇದರ ಮಕ್ಕಳು. ಕನ್ನಡದ್ದನ್ನು ಒಂದು ದಿನ, ಇಂಗ್ಲಿಷಿನದನ್ನು ಇನ್ನೊಂದು ದಿನ, ಒಂದನ್ನು ನೋಡದೆ ಇನ್ನೊಂದನ್ನು ಹಾಳೆಯಿಂದಲೇ ಬರೆಯಿರಿ.

ನಮ್ಮ ಮಾದರಿಗೆ ಹೀಗೆ ಬರೆದ ಮೊದಲ ಕನ್ನಡ ಕರಡಿನಲ್ಲಿ ಒಂದು ವಾಕ್ಯ ಹೀಗೆ ಬಂತು ಎನ್ನಿ: “71 ಮಕ್ಕಳು ಮಾತನಾಡಿದ ಕನ್ನಡವನ್ನು ಅರ್ಥಮಾಡಿಕೊಂಡರು.” ಇನ್ನೊಮ್ಮೆ ಓದಿ. ಮಾತನಾಡಿದವರು ಯಾರು, ಅರ್ಥಮಾಡಿಕೊಂಡವರು ಯಾರು? 71 ಮಕ್ಕಳು ಆಡಿದ ಕನ್ನಡವನ್ನು ಬೇರೆ ಯಾರೋ ಅರ್ಥಮಾಡಿಕೊಂಡರು ಎಂದೂ ಆಗುತ್ತದೆ. ಕನ್ನಡದಲ್ಲಿ ‘ಮಾತನಾಡಿದ’, ‘ನೆಲೆಸಿದ’, ‘ಹುಟ್ಟಿದ’ ಎಂಬಂಥ ಕೃದಂತಗಳು ನಾಮಪದದ ಹಿಂದೆ ಸಾಲಾಗಿ ನಿಂತಾಗ ಯಾವುದು ಯಾವುದಕ್ಕೆ ಅಂಟಿತು ಎಂಬುದು ಮಸುಕಾಗುತ್ತದೆ. ಇಂಗ್ಲಿಷ್ ಬರೆಯಲು ಕುಳಿತಾಗ ಒಂದನ್ನು ಆರಿಸಲೇಬೇಕಾಗುತ್ತದೆ, ಆರಿಸುವವರು ನೀವಲ್ಲದಿದ್ದರೆ ತಪ್ಪನ್ನು ಆರಿಸುವ ಸಾಧ್ಯತೆ ಇದೆ. ಇಲ್ಲಿ ಪದಗಳ ಕ್ರಮ ಬದಲಿಸಿದರೆ ಸಾಕು: ಕೇಳಿಸಿದ ಕನ್ನಡ ಮಾತನ್ನು 71 ಮಕ್ಕಳು ಅರ್ಥಮಾಡಿಕೊಂಡರು.

ತಿದ್ದಿದ ಮೇಲೆ ಕನ್ನಡದ ಸಾರಾಂಶ ಇಷ್ಟಾಗುತ್ತದೆ:

“ಠಾಣೆ, ಕಲ್ಯಾಣ-ಡೊಂಬಿವಲಿ ಮತ್ತು ನವಿಮುಂಬಯಿ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ನೆಲೆಸಿರುವ, ತಮ್ಮನ್ನು ಕನ್ನಡಿಗರೆಂದು ಗುರುತಿಸಿಕೊಳ್ಳುವ 60 ಕುಟುಂಬಗಳಲ್ಲಿ ಮಕ್ಕಳ ಕನ್ನಡ ಬಳಕೆಯನ್ನು ಈ ಮಹಾಪ್ರಬಂಧ ಪರಿಶೀಲಿಸುತ್ತದೆ. ಈ ಮನೆಗಳಲ್ಲಿ ಹಿರಿಯರು ತಮ್ಮೊಳಗೆ ಆಡುವ ಭಾಷೆ ಕನ್ನಡ, ತುಳು ಅಥವಾ ಕೊಂಕಣಿ. 8ರಿಂದ 16 ವರ್ಷದ 84 ಮಕ್ಕಳನ್ನು ಸಂದರ್ಶಿಸಲಾಯಿತು ಮತ್ತು ಅವರಿಗೆ ಒಂದು ಚಿಕ್ಕ ಗದ್ಯಭಾಗವನ್ನು ಓದಲು ಕೊಡಲಾಯಿತು. ಕೇಳಿಸಿದ ಕನ್ನಡ ಮಾತನ್ನು 71 ಮಕ್ಕಳು ಅರ್ಥಮಾಡಿಕೊಂಡರು. ಗದ್ಯಭಾಗವನ್ನು 19 ಮಕ್ಕಳು ಓದಿದರು. ಆ 19 ಮಕ್ಕಳಲ್ಲಿ 14 ಮಕ್ಕಳ ಮನೆಯಲ್ಲಿ ಅಜ್ಜ ಅಥವಾ ಅಜ್ಜಿ ಇದ್ದರು. ಹಿರಿಯರೊಡನೆ ವಾಸಿಸುವುದಕ್ಕೂ ಓದಲು ಕಲಿಯುವುದಕ್ಕೂ ಸಂಬಂಧವಿರಬಹುದೆಂದು ಇದು ಸೂಚಿಸುತ್ತದೆ. ಕುಟುಂಬಗಳನ್ನು ಕನ್ನಡ ಸಂಘಗಳ ಮೂಲಕ ಆರಿಸಿದ್ದರಿಂದ ಈ ಫಲಿತಾಂಶವನ್ನು ಈ ಪ್ರದೇಶದ ಎಲ್ಲ ಕನ್ನಡಿಗರಿಗೆ ಅನ್ವಯಿಸಲಾಗದು.”

ಇದರಲ್ಲಿ ಅಲಂಕಾರವಿಲ್ಲ, ಗಾಂಭೀರ್ಯಕ್ಕೆ ಕೊರತೆಯೂ ಇಲ್ಲ. ಔಪಚಾರಿಕ ಕನ್ನಡ ಎಂದರೆ ಸಂಸ್ಕೃತ ಸಮಾಸಗಳನ್ನು ಪೇರಿಸುವುದೆಂಬ ಭ್ರಮೆ ಬಿಡಿ. ಆಡುಮಾತಿನ ರೂಪಗಳು ಇರಬಾರದು, ಉದ್ಗಾರ ಇರಬಾರದು, ‘ಅಪೂರ್ವ’, ‘ಚೊಚ್ಚಲ’, ‘ಮಹತ್ತರ’ ಎಂದು ನಿಮ್ಮ ಕೆಲಸವನ್ನು ನೀವೇ ಹೊಗಳಿಕೊಳ್ಳಬಾರದು, ಅಷ್ಟೇ. ಇಂಗ್ಲಿಷಿನ ಕರ್ಮಣಿಯನ್ನು ಹಿಂಬಾಲಿಸಿ ‘ಕಂಡುಹಿಡಿಯಲ್ಪಟ್ಟಿತು’, ‘ಪರಿಶೀಲಿಸಲ್ಪಟ್ಟಿದೆ’ ಎಂದು ಬರೆಯುವುದೂ ಬೇಡ. ‘ಸಂದರ್ಶಿಸಲಾಯಿತು’ ಎಂಬ ಪ್ರಯೋಗ ನಮ್ಮ ಗದ್ಯದಲ್ಲಿ ಒಗ್ಗಿಹೋಗಿದೆ, ಅದು ಸಾಕು.

ಈ ಹಾಳೆಯಿಂದ ಇಂಗ್ಲಿಷ್ ಬರೆಯುವಾಗ ಮೂರು ಕಡೆ ಎಚ್ಚರ ಬೇಕು. ಪ್ರಬಂಧ ಮಾಡುವ ಕೆಲಸ ವರ್ತಮಾನದಲ್ಲಿ, ನೀವು ಮಾಡಿ ಮುಗಿಸಿದ ಕ್ಷೇತ್ರಕಾರ್ಯ ಭೂತದಲ್ಲಿ ಇರಲಿ. ಕನ್ನಡದಲ್ಲಿ ‘ಪರಿಶೀಲಿಸುತ್ತದೆ’, ‘ಸಂದರ್ಶಿಸಲಾಯಿತು’ ಎಂದು ನಾವು ಇಟ್ಟ ಭೇದವೇ ಅಲ್ಲೂ ಉಳಿಯಬೇಕು. ಎರಡನೆಯದಾಗಿ ‘-ಬಹುದು’. ಕನ್ನಡದಲ್ಲಿ ಇದು ಸಾಧ್ಯತೆಯನ್ನೂ ಹೇಳುತ್ತದೆ, ಶಕ್ತಿಯನ್ನೂ ಹೇಳುತ್ತದೆ, ಅನುಮತಿಯನ್ನೂ ಹೇಳುತ್ತದೆ. ‘ಸಂಬಂಧವಿರಬಹುದು’ ಎಂಬುದಕ್ಕೆ ‘ಮೇ’ ಬರಬೇಕು, ‘ಕ್ಯಾನ್’ ಬಂದರೆ ಅರ್ಥ ಬಿಗಿಯಾಗುತ್ತದೆ. ಮೂರನೆಯದು ಕನ್ನಡದ ಅವಧಾರಣೆ. ‘ಮನೆಯಲ್ಲೇ’, ‘ಹಿರಿಯರಿಂದಲೇ’ ಎಂದು ನಾವು ಸರಾಗವಾಗಿ ಹಾಕುವ ಆ ಏಕಾರ ‘ಓನ್ಲಿ’ ಎಂಬಷ್ಟು ತೂಕದ ಮಾತು. ಓದಲು ಕಲಿತದ್ದು ಹಿರಿಯರಿಂದಲೇ ಎಂದು ನೀವು ತೋರಿಸಿಲ್ಲದಿದ್ದರೆ ಏಕಾರವನ್ನು ಕನ್ನಡದಿಂದಲೇ ತೆಗೆಯಿರಿ. ಇಂಗ್ಲಿಷಿಗೆ ಅದು ಹೇಗೂ ದಾಟುವುದಿಲ್ಲವಲ್ಲ ಎಂದು ಸುಮ್ಮನಿರುವುದು ಸರಿಯಲ್ಲ.

ಗೌರವ ಬಹುವಚನದ ವಿಷಯದಲ್ಲಿ ಮಾತ್ರ ಎರಡು ಭಾಷೆಗಳು ಬೇರೆ ಬೇರೆ ನಡೆಯಬೇಕು. ಸಾಹಿತ್ಯದ ಪ್ರಬಂಧವಾದರೆ ಕನ್ನಡದಲ್ಲಿ ‘ಚಿತ್ತಾಲರು’, ‘ಬಲ್ಲಾಳರು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಚಿತ್ತಾಲ್’ ಎಂಬ ಬರಿಯ ಹೆಸರೇ ಔಪಚಾರಿಕ ರೂಪ, ಅದರ ಹಿಂದೆ ಶ್ರೀ ಹಾಕುವುದು ಅಲ್ಲಿನ ರೂಢಿಯಲ್ಲ. ಹೆಸರಿನ ಅಕ್ಷರಗಳು ಮಾತ್ರ ಎಲ್ಲ ಕಡೆ ಒಂದೇ ಇರಲಿ. ಒಂದು ಕಡೆ Chittal, ಇನ್ನೊಂದು ಕಡೆ Chittala ಎಂದು ಬರೆದರೆ ಹುಡುಕುವವರಿಗೆ ಅರ್ಧ ಮಾತ್ರ ಸಿಗುತ್ತದೆ. Dombivli, Dombivali ಎಂಬ ಎರಡು ರೂಪಗಳೂ ಚಾಲ್ತಿಯಲ್ಲಿವೆ. ಒಂದನ್ನು ಆರಿಸಿ ಶೀರ್ಷಿಕೆಯಿಂದ ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ.

ಶಾಲೆಯಲ್ಲಿ ನಮಗೆ ಕಲಿಸಿದ ಒಂದು ಪಾಠವನ್ನು ಇಲ್ಲಿ ಮರೆಯಬೇಕಾಗುತ್ತದೆ. ಒಂದೇ ಪದವನ್ನು ಪದೇ ಪದೇ ಬಳಸಬಾರದೆಂದು ನಾವು ‘ಅಧ್ಯಯನ’ವನ್ನು ಮುಂದಿನ ವಾಕ್ಯದಲ್ಲಿ ‘ಸಂಶೋಧನೆ’ ಮಾಡುತ್ತೇವೆ, ಆಮೇಲೆ ‘ಸಮೀಕ್ಷೆ’ ಮಾಡುತ್ತೇವೆ. ಇಂಗ್ಲಿಷಿಗೆ ಹೋಗುವಾಗ ಅವು ಮೂರು ಬೇರೆ ಕೆಲಸಗಳಾಗುತ್ತವೆ. ‘ಸರ್ವೆ’ ಎಂದು ಓದಿದ ಪರೀಕ್ಷಕರು ಮಾದರಿ ಆಯ್ಕೆಯ ವಿಧಾನವೇನೆಂದು ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ, ನೀವು ಮಾಡಿದ್ದು ಸಂದರ್ಶನ ಮಾತ್ರವಾಗಿದ್ದರೆ ಉತ್ತರ ಇರುವುದಿಲ್ಲ. ಒಂದು ಕನ್ನಡ ಪದಕ್ಕೆ ಒಂದು ಇಂಗ್ಲಿಷ್ ಪದ ಗೊತ್ತುಮಾಡಿ, ಬೇಸರವೆನಿಸಿದರೂ ಅದನ್ನೇ ಬಳಸಿ.

ಪದಸಂಖ್ಯೆ ನೋಡಿ ಗಾಬರಿಯಾಗಬೇಡಿ. ನಮ್ಮ ವಿಭಕ್ತಿ ಪ್ರತ್ಯಯಗಳು ಪದದೊಳಗೇ ಕೂರುತ್ತವೆ, ಇಂಗ್ಲಿಷಿನ ‘ಇನ್’, ‘ಆಫ್’, ‘ದ’ಗಳು ಬೇರೆ ಪದಗಳಾಗಿ ಎಣಿಕೆಯಾಗುತ್ತವೆ. 300 ಪದದ ಇಂಗ್ಲಿಷ್ ಸಾರಾಂಶಕ್ಕೆ ಕನ್ನಡದಲ್ಲಿ 200 ಪದದ ಆಸುಪಾಸಿನಲ್ಲಿ ಬಂದರೆ ಏನೂ ಬಿಟ್ಟುಹೋಗಿಲ್ಲ. ಎಣಿಸಬೇಕಾದ್ದು ಹೇಳಿಕೆಗಳನ್ನು. ಪೆನ್ಸಿಲ್ ಹಿಡಿದು ಹಾಳೆಯ ಕ್ರಮಸಂಖ್ಯೆಯನ್ನು ಎರಡೂ ಸಾರಾಂಶಗಳ ಅಂಚಿನಲ್ಲಿ ಬರೆಯುತ್ತ ಹೋಗಿ. ಒಂದರಲ್ಲಿ 6 ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ತಕ್ಷಣ ಕಾಣುತ್ತದೆ. ಯಾವ ಸಂಖ್ಯೆಯೂ ಸಿಗದ ವಾಕ್ಯವಿದ್ದರೆ ಅದು ಹೊರಗಿನಿಂದ ನುಸುಳಿದ್ದು.

ಆಮೇಲೆ ಇನ್ನೊಬ್ಬರ ಸಹಾಯ ಬೇಕು, ಅದು ಬರೆಸಿಕೊಳ್ಳುವ ಸಹಾಯವಲ್ಲ. ನಿಮ್ಮ ವಿಷಯ ಗೊತ್ತಿಲ್ಲದ, ಎರಡೂ ಭಾಷೆ ಬಲ್ಲ ಒಬ್ಬರ ಕೈಗೆ ಇಂಗ್ಲಿಷ್ ಸಾರಾಂಶ ಮಾತ್ರ ಕೊಟ್ಟು, ಇದು ಏನು ಹೇಳುತ್ತದೆ ಎಂದು ಕನ್ನಡದಲ್ಲಿ ಬಾಯಲ್ಲಿ ಹೇಳಿಸಿ. ನೀವು ನಡುವೆ ಬಾಯಿ ಹಾಕಬೇಡಿ, ಹಾಳೆ ಹಿಡಿದು ಕುಳಿತಿರಿ. ಅವರು ‘ಡೊಂಬಿವಲಿಯ ಕನ್ನಡ ಮಾತಾಡುವ ಮನೆಗಳಲ್ಲಿ’ ಎಂದು ಶುರುಮಾಡಿದರೆ ವ್ಯಾಖ್ಯೆ ಇನ್ನೂ ದಾಟಿಲ್ಲ ಎಂದರ್ಥ. ‘ಅಜ್ಜ ಅಜ್ಜಿ ಇದ್ದರೆ ಮಕ್ಕಳು ಓದುತ್ತಾರಂತೆ’ ಎಂದರೆ ನಿಮ್ಮ ‘ಸೂಚಿಸುತ್ತದೆ’ ಇಂಗ್ಲಿಷಿನಲ್ಲಿ ‘ತೋರಿಸುತ್ತದೆ’ ಆಗಿದೆ ಎಂದರ್ಥ. ಇಂಗ್ಲಿಷನ್ನು ತಿದ್ದಿ, ಇನ್ನೊಬ್ಬರಿಗೆ ಕೊಡಿ. ನಿಮ್ಮ ಗೈಡ್ ಇದಕ್ಕೆ ತಕ್ಕವರಲ್ಲ, ಅವರಿಗೆ ನಿಮ್ಮ ವಿಷಯ ಬಾಯಿಪಾಠವಾಗಿರುತ್ತದೆ, ಬಿಟ್ಟುಹೋದದ್ದನ್ನು ತಾವೇ ತುಂಬಿಕೊಂಡು ಓದುತ್ತಾರೆ.

ಕೊನೆಯದಾಗಿ ಅಕ್ಷರದ ಮಾತು. ಹಳೆಯ ನುಡಿ ಅಥವಾ ಬರಹದ ಆನ್ಸಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಸಾರಾಂಶ ಆ ಫಾಂಟ್ ಇಲ್ಲದ ಕಡೆ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗುತ್ತದೆ. ಪಿಡಿಎಫ್‌ನಲ್ಲಿ ಕಣ್ಣಿಗೆ ಚೆನ್ನಾಗಿ ಕಂಡರೂ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಆಗ ಜಗತ್ತಿಗೆ ಇಂಗ್ಲಿಷ್ ಸಾರಾಂಶವೊಂದೇ ಉಳಿಯುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು, ಒಂದೊಂದು ಪದವನ್ನೂ ಓದಿ ತಿದ್ದಿ. ಪರೀಕ್ಷಿಸಲು ಪಿಡಿಎಫ್‌ನಿಂದ ಒಂದು ವಾಕ್ಯವನ್ನು ನಕಲಿಸಿ ಸಾದಾ ಕಡತದಲ್ಲಿ ಅಂಟಿಸಿ ನೋಡಿದರೆ ಸಾಕು.

ಇಷ್ಟಕ್ಕೂ ಒಂದು ವಾರ ಹಿಡಿಯುತ್ತದೆ. ಬೈಂಡಿಂಗ್‌ನವನಿಗೆ ದಿನಾಂಕ ಕೊಡುವಾಗ ಆ ವಾರವನ್ನು ಎತ್ತಿಟ್ಟು ಕೊಡಿ, ಸಾರಾಂಶವನ್ನು ನೀವೇ ಬರೆಯಿರಿ, ಎರಡೂ ಭಾಷೆಯಲ್ಲಿ.